ಸೀಲಿಂಗಿನ ಸ್ಮೋಕ್ ಅಲಾರಂ: ಒಳಗಿರುವ ಅಮೆರಿಶಿಯಂಗೆ ಹೆದರಬೇಕಾ?

ಅಮೆರಿಕಕ್ಕೆ ಬಂದ ಹೊಸದರಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಆಗುವ ಸಂಗತಿ ಇದು. ಎಣ್ಣೆ ಕಾದಿರುತ್ತದೆ, ಸಾಸಿವೆ ಚಟಪಟ ಅನ್ನುತ್ತಿರುತ್ತದೆ. ಒಣಮೆಣಸಿನಕಾಯಿ ಬಿದ್ದ ಗಳಿಗೆಗೆ ಸೀಲಿಂಗಿನಿಂದ ಕಿವಿ ತೂತಾಗುವ ಹಾಗೆ ಅಲಾರಂ ಹೊಡೆದುಕೊಳ್ಳುತ್ತದೆ. ಹೋದ ಚಳಿಗಾಲದಲ್ಲಿ ನಮ್ಮ ಸಂಘಕ್ಕೆ ಹೊಸದಾಗಿ ಸೇರಿದ ಒಂದು ಮನೆಯಲ್ಲೂ ಹೀಗೇ ಆಯಿತು. ಯಜಮಾನರು ಕುರ್ಚಿ ಹತ್ತಿ ಅದನ್ನು ಬಿಚ್ಚಿದರು. ಹಿಂಬದಿಯಲ್ಲಿ, ಇದರೊಳಗೆ ವಿಕಿರಣಶೀಲ ವಸ್ತು ಇದೆ, ಅಮೆರಿಶಿಯಂ 241, 1 ಮೈಕ್ರೊಕ್ಯೂರಿ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅವರ ಹೆಂಡತಿ ನನಗೆ ಫೋನ್ ಮಾಡಿದರು. "ಅಕ್ಕಾ, ಇದು ಮಗು ಮಲಗೋ ರೂಮಿನ ಬಾಗಿಲ ಮೇಲೇ ಇತ್ತು. ಈಗ ಕಾರಿನ ಡಿಕ್ಕಿಗೆ ಹಾಕಿದ್ದೀವಿ. ಏನು ಮಾಡೋದು?"

ಮೊದಲು ವಾಪಸ್ ಹಾಕಿಸಿ, ಯಾಕೆ ಅಂತ ಆಮೇಲೆ ಹೇಳ್ತೀನಿ ಅಂದೆ. ಆ ಯಾಕೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಲಾರಂ ಒಳಗೆ ಕಂಡಿಗಳಿರುವ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದರಲ್ಲಿ ಎರಡು ಲೋಹದ ತಗಡುಗಳು, ಅವುಗಳ ನಡುವೆ ಬರೀ ಗಾಳಿ. ಗಾಳಿಯಲ್ಲಿ ಸಾಮಾನ್ಯವಾಗಿ ಕರೆಂಟ್ ಹರಿಯುವುದಿಲ್ಲ, ಅಲ್ವಾ? ಅದು ಹರಿಯುವ ಹಾಗೆ ಮಾಡುವುದೇ ಅಮೆರಿಶಿಯಂನ ಕೆಲಸ. ಕೆಲವೇ ಮಿಲಿಮೀಟರ್ ಅಗಲದ ಒಂದು ಬಿಲ್ಲೆಯಲ್ಲಿ ಅದು ಕೂತಿರುತ್ತದೆ. ತೂಕ ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಅದರಿಂದ ಸೆಕೆಂಡಿಗೆ ಸುಮಾರು 37,000 ಆಲ್ಫಾ ಅನ್ನುವ ವಿಕಿರಣ ಕಣಗಳು ಹೊರಡುತ್ತವೆ.

ಒಂದು ಆಲ್ಫಾ ಕಣವನ್ನು ಹಿಂಬಾಲಿಸಿ ನೋಡೋಣ. ಬಿಲ್ಲೆಯಿಂದ ಸಿಡಿದ ಕಣ ಗಾಳಿಯ ಅಣುಗಳಿಗೆ ಢಿಕ್ಕಿ ಹೊಡೆಯುತ್ತ ಹೋಗುತ್ತದೆ. ಪ್ರತಿ ಢಿಕ್ಕಿಯಲ್ಲೂ ಒಂದಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಬಿಸಾಡುತ್ತದೆ. ಹೀಗೆ ಒಂದೇ ಕಣ ಗಾಳಿಯಲ್ಲಿ ಲಕ್ಷಕ್ಕೂ ಮೀರಿದ ಅಯಾನು ಜೋಡಿಗಳನ್ನು ಹುಟ್ಟಿಸಬಲ್ಲದು. ಅಯಾನು ಅಂದರೆ ವಿದ್ಯುತ್ ಹೊತ್ತ ಅಣು. ಬ್ಯಾಟರಿಗೆ ಜೋಡಿಸಿದ ಆ ಎರಡು ತಗಡುಗಳು ಅಯಾನುಗಳನ್ನು ತಮ್ಮತಮ್ಮ ಕಡೆ ಎಳೆದುಕೊಳ್ಳುತ್ತವೆ. ಡಬ್ಬಿಯೊಳಗೆ ಒಂದು ಸಣ್ಣ ಕರೆಂಟ್ ಸದಾ ಹರಿಯುತ್ತಿರುತ್ತದೆ. ಬಲು ಸಣ್ಣದು, ಆದರೆ ಒಳಗಿನ ಚಿಪ್ ಅದನ್ನು ಅಳೆಯುತ್ತಲೇ ಇರುತ್ತದೆ.

ಈಗ ಕಂಡಿಯಿಂದ ಹೊಗೆ ನುಗ್ಗಿತು ಅನ್ನಿ. ಹೊಗೆಯ ಕಣ ಅಯಾನಿನ ಮುಂದೆ ದೊಡ್ಡ ಬಂಡೆಗಲ್ಲಿನ ಹಾಗೆ. ಅಯಾನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಭಾರವಾದ ಆ ಕಣ ತಗಡಿನ ಕಡೆಗೆ ಸರಿಯಾಗಿ ಸಾಗುವುದೇ ಇಲ್ಲ. ಕರೆಂಟ್ ಇಳಿಯುತ್ತದೆ, ಚಿಪ್ ಅದನ್ನು ಗಮನಿಸಿ ಅಲಾರಂ ಹೊಡೆಯುತ್ತದೆ. ಅಂದರೆ ಈ ಯಂತ್ರಕ್ಕೆ ಬೆಂಕಿ ಕಾಣುವುದಿಲ್ಲ, ಬಿಸಿಯೂ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ತೀರಾ ಸಣ್ಣ ಕಣಗಳು ಜಾಸ್ತಿ ಆದವು ಅನ್ನುವುದಷ್ಟೇ ಗೊತ್ತಾಗುತ್ತದೆ. ಧಗಧಗ ಉರಿಯುವ ಬೆಂಕಿಯಿಂದ ಅಂಥ ಕಣಗಳು ಹೇರಳವಾಗಿ ಬರುತ್ತವೆ. ನಮ್ಮ ದುರದೃಷ್ಟಕ್ಕೆ ಕಾದ ಎಣ್ಣೆ, ಒಗ್ಗರಣೆ, ಊದುಬತ್ತಿಯಿಂದಲೂ ಬರುತ್ತವೆ. ಬಿಸಿನೀರಿನ ಸ್ನಾನ ಮುಗಿಸಿ ಬಾತ್‌ರೂಮಿನ ಬಾಗಿಲು ತೆಗೆದಾಗ ಹಬೆಗೂ ಕೆಲವೊಮ್ಮೆ ಕೂಗುತ್ತದೆ.

ಇನ್ನು ಹೆದರಿಕೆಯ ವಿಷಯ. ಢಿಕ್ಕಿ ಹೊಡೆಯುತ್ತ ಹೋಗುವುದರಿಂದಲೇ ಆಲ್ಫಾ ಕಣಕ್ಕೆ ದೂರ ಹೋಗಲು ಆಗುವುದಿಲ್ಲ. ಮೂರು ನಾಲ್ಕು ಸೆಂಟಿಮೀಟರ್ ಗಾಳಿಯಲ್ಲಿ ಅದರ ಶಕ್ತಿ ಮುಗಿದುಹೋಗುತ್ತದೆ. ಒಂದು ಹಾಳೆ ಕಾಗದ ಸಾಕು ಅದನ್ನು ತಡೆಯಲು. ನಮ್ಮ ಚರ್ಮದ ಮೇಲಿನ ಸತ್ತ ಪದರವೂ ಸಾಕು. ಇಲ್ಲಿನ ಸೀಲಿಂಗ್ ಸಾಮಾನ್ಯವಾಗಿ ಎಂಟು ಅಡಿ. ಆರಡಿ ಎತ್ತರದವರು ಸರಿಯಾಗಿ ಅದರ ಕೆಳಗೆ ನಿಂತರೂ ನಡುವೆ ಎರಡಡಿ ಗಾಳಿ ಇರುತ್ತದೆ. ಅದಕ್ಕೂ ಮೊದಲು ಡಬ್ಬಿಯ ಗೋಡೆ, ಪ್ಲಾಸ್ಟಿಕ್ ಮುಚ್ಚಳ ಬೇರೆ. ತೊಟ್ಟಿಲಲ್ಲಿರುವ ಮಗುವಿನ ತನಕ ಒಂದು ಆಲ್ಫಾ ಕಣವೂ ಬರುವುದಿಲ್ಲ.

ಹಾಗಾದರೆ ಹೊರಗೆ ಏನೂ ಬರುವುದೇ ಇಲ್ಲವಾ? ಬರುತ್ತದೆ. ಅಮೆರಿಶಿಯಂ ಆಲ್ಫಾ ಜೊತೆಗೆ ಸ್ವಲ್ಪ ದುರ್ಬಲ ಗಾಮಾ ಕಿರಣವನ್ನೂ ಬಿಡುತ್ತದೆ. ಅದು ಪ್ಲಾಸ್ಟಿಕ್ ದಾಟಿ ಬರಬಲ್ಲದು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಲೆಕ್ಕದ ಪ್ರಕಾರ, ಮನೆಯಲ್ಲಿ ಇಂಥ ಎರಡು ಅಲಾರಂ ಇದ್ದರೆ ಒಬ್ಬರಿಗೆ ವರ್ಷಕ್ಕೆ ತಗಲುವ ವಿಕಿರಣ 0.002 ಮಿಲಿರೆಮ್‌ಗಿಂತ ಕಡಿಮೆ. ಮಿಲಿರೆಮ್ ಅಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ. ನೆಲ, ಆಕಾಶ, ಉಸಿರಾಡುವ ಗಾಳಿ, ತಿನ್ನುವ ಊಟ ಎಲ್ಲದರಿಂದ ಇಲ್ಲಿ ವಾಸಿಸುವವರಿಗೆ ವರ್ಷಕ್ಕೆ ಸುಮಾರು 300 ಮಿಲಿರೆಮ್ ಹೇಗೂ ತಗಲುತ್ತದೆ. ನಾನು ಭಾಗಿಸಿ ನೋಡಿದೆ. ಅಲಾರಂಗಳ ಇಡೀ ವರ್ಷದ ಪಾಲು, ಸುಮ್ನೆ ಮನೆಯಲ್ಲಿ ಕೂತಾಗ ಮೂರು ನಾಲ್ಕು ನಿಮಿಷದಲ್ಲಿ ಸಿಗುವಷ್ಟು.

ಅಮೆರಿಶಿಯಂ ನಿಜವಾಗಿ ಕೆಡುಕು ಮಾಡುವುದು ದೇಹದ ಒಳಗೆ ಹೋದರೆ. ಒಳಗೆ ಸತ್ತ ಚರ್ಮದ ರಕ್ಷಣೆ ಇಲ್ಲ, ಜೀವಕೋಶಗಳು ಪಕ್ಕದಲ್ಲೇ ಇರುತ್ತವೆ. ಅದಕ್ಕೇ ಅದನ್ನು ಪುಡಿಯಾಗಿ ಬಿಟ್ಟಿರುವುದಿಲ್ಲ. ಅಮೆರಿಶಿಯಂ ಆಕ್ಸೈಡನ್ನು ಚಿನ್ನದೊಳಗೆ ಬೆರೆಸಿ, ಹಿಂದೆ ಬೆಳ್ಳಿ, ಮುಂದೆ ತೆಳುವಾದ ಲೋಹದ ಹೊದಿಕೆ ಕೊಟ್ಟು ಹಾಳೆಯಾಗಿ ಒತ್ತಿರುತ್ತಾರೆ. ಮುಟ್ಟಿದರೆ ಉದುರುವುದಿಲ್ಲ, ನೀರಿಗೆ ಕರಗುವುದಿಲ್ಲ. ಆದ್ದರಿಂದ ನಾನು ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬ್ಯಾಟರಿ ಬಾಗಿಲು ಬಿಟ್ಟು ಬೇರೇನನ್ನೂ ತೆರೆಯಬೇಡಿ. ಆ ಡಬ್ಬಿಯನ್ನು ಮೀಟಬೇಡಿ, ಬಿಲ್ಲೆಯನ್ನು ಕೆರೆಯಬೇಡಿ, ಸುಡಬೇಡಿ. ಮಕ್ಕಳ ಸೈನ್ಸ್ ಪ್ರಾಜೆಕ್ಟಿಗೆ ಅಂತಲೂ ಬೇಡ.

ಆ ದಂಪತಿ ಇನ್ನೊಂದು ಪ್ರಶ್ನೆ ಕೇಳಿದರು. ಹತ್ತು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರಲ್ಲ, ಅಮೆರಿಶಿಯಂ ಖಾಲಿಯಾಗುತ್ತದಾ? ಇಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 432 ವರ್ಷ ಬೇಕು. ಹತ್ತು ವರ್ಷ ಆದಮೇಲೂ ನೂರಕ್ಕೆ 98 ಪಾಲು ಉಳಿದಿರುತ್ತದೆ. ಹಳತಾಗುವುದು ಉಳಿದ ಭಾಗಗಳು. ಡಬ್ಬಿಯಲ್ಲಿ ಧೂಳು ಕೂರುತ್ತದೆ, ಹುಳು ಸೇರುತ್ತದೆ, ಎಲೆಕ್ಟ್ರಾನಿಕ್ಸ್ ಸೋಲುತ್ತದೆ. ತಯಾರಾದ ದಿನಾಂಕ ಹಿಂಬದಿಯಲ್ಲೇ ಇರುತ್ತದೆ, ಅಲ್ಲಿಂದ ಎಣಿಸಿ. ಹಳೆಯದನ್ನು ಎಸೆಯುವ ನಿಯಮ ಊರಿಂದೂರಿಗೆ ಬೇರೆ. ಬಹಳ ಕಡೆ ಮನೆ ಕಸದ ಜೊತೆ ಹಾಕಬಹುದು, ಆದರೂ ನಿಮ್ಮ ಊರಿನ ಕಸ ವಿಭಾಗವನ್ನು ಒಮ್ಮೆ ಕೇಳಿ.

ಒಗ್ಗರಣೆ ಸಮಸ್ಯೆಗೆ ಬಿಚ್ಚಿಡುವುದು, ಪ್ಲಾಸ್ಟಿಕ್ ಚೀಲ ಕಟ್ಟುವುದು ಉತ್ತರವಲ್ಲ. ರಾತ್ರಿ ನಿದ್ದೆಯಲ್ಲಿ ಹೊಗೆಯ ವಾಸನೆಗೆ ಎಚ್ಚರ ಆಗುತ್ತದೆ ಅಂತ ನಂಬಿ ಮಲಗುವ ಹಾಗಿಲ್ಲ. ಎಷ್ಟೋ ಅಲಾರಂಗಳಲ್ಲಿ ಸದ್ದು ತಡೆಯುವ ಬಟನ್ ಇರುತ್ತದೆ, ಒತ್ತಿದರೆ ಕೆಲವು ನಿಮಿಷ ಸುಮ್ಮನಿರುತ್ತದೆ. ಒಲೆ ಹಚ್ಚುವ ಮೊದಲೇ ಎಗ್ಸಾಸ್ಟ್ ಫ್ಯಾನ್ ಹಾಕಿ. ಅಲಾರಂ ಒಲೆಯಿಂದ ಹತ್ತಡಿಯ ಒಳಗಿದ್ದರೆ ಅದು ಇರಬೇಕಾದ ಜಾಗವಲ್ಲ, ಅಪಾರ್ಟ್‌ಮೆಂಟ್ ಆಫೀಸಿಗೆ ಬರೆದು ಕೊಡಿ. ಅಡುಗೆಮನೆ ಹತ್ತಿರಕ್ಕೆ ಫೋಟೋಎಲೆಕ್ಟ್ರಿಕ್ ಅನ್ನುವ ಇನ್ನೊಂದು ಬಗೆ ಕೇಳಿ. ಅದರಲ್ಲಿ ಅಮೆರಿಶಿಯಂ ಇಲ್ಲ, ಬೆಳಕಿನಿಂದ ಹೊಗೆ ಹಿಡಿಯುತ್ತದೆ. ಒಗ್ಗರಣೆಗೆ ಅಷ್ಟು ಬೇಗ ಕೂಗುವುದಿಲ್ಲ. ಸೋಫಾ, ಹಾಸಿಗೆ ಒಳಗೊಳಗೇ ಹೊಗೆಯಾಡುವ ಬೆಂಕಿಯನ್ನು ಅದು ಮೊದಲು ಹಿಡಿಯುತ್ತದೆ. ಜ್ವಾಲೆ ಎದ್ದ ಬೆಂಕಿಯನ್ನು ಅಮೆರಿಶಿಯಂ ಇರುವುದು ಮೊದಲು ಹಿಡಿಯುತ್ತದೆ. ಮನೆಯಲ್ಲಿ ಎರಡೂ ಬಗೆ ಇದ್ದರೆ ಒಳ್ಳೆಯದು.

ಚಳಿಯ ರಾತ್ರಿ ಮೂರು ಗಂಟೆಗೆ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ "ಚಿಕ್" ಅಂದರೆ ಗಾಬರಿ ಬೇಡ. ಅದು ಬ್ಯಾಟರಿ ಸೋತ ಸದ್ದು. ತಣ್ಣಗಾದಾಗ ಬ್ಯಾಟರಿಯ ಬಲ ಇನ್ನಷ್ಟು ಇಳಿಯುತ್ತದೆ, ಅದಕ್ಕೇ ರಾತ್ರಿ ಹೊತ್ತು ಶುರುವಾಗುವುದು.

ಡಿಕ್ಕಿಗೆ ಹೋಗಿದ್ದ ಅಲಾರಂ ಅದೇ ಸಂಜೆ ತನ್ನ ಜಾಗಕ್ಕೆ ಬಂತು. ಈಗ ಆ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಟೆಸ್ಟ್ ಬಟನ್ ಒತ್ತುತ್ತಾರೆ, ಮಗು ಎದ್ದಿರುವ ಹೊತ್ತು ನೋಡಿಕೊಂಡು.