ಒಂದು ಕೆ.ಜಿ. ಪೈನಾಪಲ್ ಕೇಕಿಗೆ ಬೆಲೆ ಕಟ್ಟಿದ ಬಗೆ

ಮನೆಯಲ್ಲಿ ಕೇಕ್ ಮಾಡಿ ಮಾರುವವರ ನಡುವೆ ಒಂದು ಸುಲಭಸೂತ್ರ ಓಡಾಡುತ್ತದೆ: ಸಾಮಗ್ರಿಗೆ ಎಷ್ಟು ಖರ್ಚಾಯಿತೋ ಅದರ ಮೂರು ಪಟ್ಟು ಬೆಲೆ ಹೇಳಿಬಿಡುವುದು. ಈ ಸೂತ್ರವನ್ನು ನಾನು ನಂಬುವುದಿಲ್ಲ. ಬೆಣ್ಣೆ, ಗೋಡಂಬಿ, ಒಣದ್ರಾಕ್ಷಿ ತುಂಬಿದ ಪ್ಲಮ್ ಕೇಕಿಗೆ ಸಾಮಗ್ರಿ ದುಬಾರಿ, ಆದರೆ ಅದರ ಮೇಲೆ ಅಲಂಕಾರದ ಕೆಲಸವೇ ಇಲ್ಲ. ಕ್ರೀಮ್ ಕೇಕಿನಲ್ಲಿ ಸಾಮಗ್ರಿ ಅಗ್ಗ, ಕೆಲಸ ಹೆಚ್ಚು. ಮೂರು ಪಟ್ಟಿನ ಲೆಕ್ಕದಲ್ಲಿ ಮೊದಲನೆಯದನ್ನು ಕೊಳ್ಳುವವರಿಗೆ ಅನ್ಯಾಯವಾಗುತ್ತದೆ, ಎರಡನೆಯದನ್ನು ಮಾಡುವವರಿಗೆ ನಷ್ಟವಾಗುತ್ತದೆ. ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಅಡುಗೆಮನೆಯಿಂದ ಹೆಚ್ಚಾಗಿ ಹೋಗುವುದು ಮೊಟ್ಟೆ ಹಾಕದ ಪೈನಾಪಲ್ ಕ್ರೀಮ್ ಕೇಕ್ ಆದ್ದರಿಂದ, ಒಂದು ಕೆ.ಜಿ. ತೂಗುವ ಆ ಕೇಕಿನ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ದರಗಳೆಲ್ಲ ನಾನು ಈ ಲೆಕ್ಕ ಮಾಡಿದಾಗ ಕೊಟ್ಟು ತಂದವು. ಅವು ಬದಲಾದರೂ ಲೆಕ್ಕದ ದಾರಿ ಬದಲಾಗುವುದಿಲ್ಲ.

ಮೊದಲ ಕೆಲಸ, ಕಪ್ಪಿನ ಅಳತೆಯನ್ನು ಬಿಟ್ಟು ತಕ್ಕಡಿಗೆ ಬರುವುದು. ಒಂದೇ ಕಪ್ಪಿನಲ್ಲಿ ಮೈದಾವನ್ನು ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಹಿಡಿಯುತ್ತದೆ. ಹೀಗಿರುವಾಗ ಕಪ್ಪಿನಿಂದ ರುಚಿಯೂ ನಿಲ್ಲುವುದಿಲ್ಲ, ಬೆಲೆಯೂ ನಿಲ್ಲುವುದಿಲ್ಲ. ನನ್ನ ಸ್ಪಂಜಿಗೆ 150 ಗ್ರಾಂ ಮೈದಾ, 120 ಗ್ರಾಂ ಪುಡಿ ಸಕ್ಕರೆ, 150 ಗ್ರಾಂ ಮೊಸರು, 75 ಮಿ.ಲೀ. ಎಣ್ಣೆ, 60 ಮಿ.ಲೀ. ಹಾಲು, ಜೊತೆಗೆ ಬೇಕಿಂಗ್ ಪೌಡರ್, ಸೋಡಾ ಮತ್ತು ಎಸೆನ್ಸ್ ಬೇಕು. ಎಲ್ಲ ಕಲಸಿದಾಗ ಹಿಟ್ಟು ಸುಮಾರು 550 ಗ್ರಾಂ ಆಗುತ್ತದೆ, ಬೆಂದ ಮೇಲೆ ನೀರಿನಂಶ ಹೋಗಿ 490ರ ಹತ್ತಿರಕ್ಕೆ ಇಳಿಯುತ್ತದೆ, ಉಬ್ಬಿದ ನೆತ್ತಿಯನ್ನು ಕತ್ತರಿಸಿ ಸಮ ಮಾಡಿದರೆ 450 ಗ್ರಾಂ ಕೈಗೆ ಉಳಿಯುತ್ತದೆ. ಇವಿಷ್ಟಕ್ಕೆ, ಪಾಕಕ್ಕೂ ಹಣ್ಣಿಗೂ ಹಾಕುವ ಸಕ್ಕರೆಯನ್ನು ಸೇರಿಸಿದರೂ, 48 ರೂಪಾಯಿಗಿಂತ ಹೆಚ್ಚಾಗುವುದಿಲ್ಲ. ಮೈದಾ ಕೆ.ಜಿ.ಗೆ ಐದು ರೂಪಾಯಿ ಏರಿದರೆ ನನ್ನ ಕೇಕಿನ ಮೇಲೆ ಬೀಳುವ ಹೊರೆ ಒಂದು ರೂಪಾಯಿಗಿಂತ ಕಡಿಮೆ.

ಸಾಮಗ್ರಿಯಲ್ಲಿ ನಿಜವಾಗಿ ತೂಗುವುದು ಕ್ರೀಮು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಸಿಗುವ, ಹಾಲಿನಿಂದ ಮಾಡದ ವಿಪ್ಪಿಂಗ್ ಕ್ರೀಮು ಬೀಟರಿನಲ್ಲಿ ಹೊಡೆದಾಗ ಮೂರು ಪಟ್ಟು ಉಬ್ಬಿ ಪಾತ್ರೆಯ ತುಂಬ ಬರುತ್ತದೆ. ಅದನ್ನು ನೋಡಿದರೆ ಒಂದು ಪೊಟ್ಟಣದಲ್ಲಿ ಐದಾರು ಕೇಕು ಆದೀತು ಎನಿಸುವುದು ಸಹಜ. ಆದರೆ ಒಳಗೆ ಸೇರಿದ್ದು ಗಾಳಿ. ತೂಕ ಎಳ್ಳಷ್ಟೂ ಹೆಚ್ಚುವುದಿಲ್ಲ, ಮತ್ತು ನಾವು ಕೇಕನ್ನು ಮಾರುವುದು ತೂಕದ ಮೇಲೆ. ಒಂದು ಕೆ.ಜಿ. ಕೇಕಿನ ಪದರಗಳಲ್ಲಿ, ಸುತ್ತ ಮತ್ತು ಮೇಲೆ ಒಟ್ಟು 350 ಗ್ರಾಂ ಕ್ರೀಮು ಕೂರುತ್ತದೆ. ಇದಲ್ಲದೆ ಬೀಟರಿನ ಕಡ್ಡಿಗಳಿಗೆ, ಪಾತ್ರೆಯ ಅಂಚಿಗೆ, ಪೈಪಿಂಗ್ ಚೀಲದ ಮೂತಿಗೆ ಅಂಟಿ ಉಳಿಯುವುದೂ ಇದೆ. ಕೆಲಸ ಮುಗಿದ ಮೇಲೆ ಆ ಚೀಲ, ಪಾತ್ರೆಗಳನ್ನು ತೊಳೆಯುವ ಮೊದಲು ತೂಗಿ, ಖಾಲಿ ತೂಕವನ್ನು ಕಳೆದು ನೋಡಿದಾಗ ಹೆಚ್ಚುಕಡಿಮೆ 50 ಗ್ರಾಂ ಅಲ್ಲೇ ಇತ್ತು. ಹೀಗಾಗಿ ಲೆಕ್ಕಕ್ಕೆ ಹಿಡಿಯಬೇಕಾದದ್ದು 400 ಗ್ರಾಂ, ಕೆ.ಜಿ.ಗೆ 240 ರೂಪಾಯಿಯಂತೆ 96 ರೂಪಾಯಿ. ಕರಗಿದ ಕ್ರೀಮನ್ನು ಮತ್ತೆ ಫ್ರೀಜರಿಗೆ ಹಾಕಿ ಹೆಪ್ಪುಗಟ್ಟಿಸಿದರೆ ಮುಂದೆ ಹೊಡೆದಾಗ ಅದು ಸರಿಯಾಗಿ ಏಳುವುದಿಲ್ಲ, ನೀರೊಡೆಯುತ್ತದೆ. ಆದ್ದರಿಂದ ಆ ವಾರದಲ್ಲಿ ಬೇರೆ ಆರ್ಡರ್ ಇಲ್ಲದಿದ್ದರೆ ಉಳಿದ ಕ್ರೀಮಿನ ಬೆಲೆಯೂ ಇದೇ ಕೇಕಿನ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಹಣ್ಣಿನಲ್ಲಿ ಕೊಂಡ ತೂಕ ಬೇರೆ, ಬಳಸುವ ತೂಕ ಬೇರೆ. ದೇವರಾಜ ಮಾರುಕಟ್ಟೆಯಿಂದ 70 ರೂಪಾಯಿ ಕೊಟ್ಟು ತಂದ ಅನಾನಸಿನ ಜುಟ್ಟು, ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದರೆ ಅರ್ಧದಷ್ಟು ಮಾತ್ರ, ಅಂದರೆ ಸುಮಾರು 600 ಗ್ರಾಂ ತಿರುಳು ಸಿಗುತ್ತದೆ. ನನಗೆ ಬೇಕಾದ 150 ಗ್ರಾಂ ತಿರುಳಿಗೆ ಹದಿನೇಳೂವರೆ ರೂಪಾಯಿ ಹಿಡಿಯುತ್ತೇನೆ. ಅದನ್ನು ಸಕ್ಕರೆ ಹಾಕಿ ಬೇಯಿಸಿಯೇ ಬಳಸುತ್ತೇನೆ, ಏಕೆಂದರೆ ಹಸಿ ಅನಾನಸಿನ ರಸ ಕ್ರೀಮಿಗೆ ಇಳಿದು ಪದರಗಳು ಜಾರುತ್ತವೆ. ಮೇಲಿನ ಚೆರ್ರಿಗೆ ಹತ್ತು ರೂಪಾಯಿ ಸೇರಿಸಿದರೆ ಸಾಮಗ್ರಿಯ ಮೊತ್ತ 172 ರೂಪಾಯಿ. ಸ್ಪಂಜು ಮುರಿಯುವುದು, ಹಾಲು ಒಡೆಯುವುದು ಮುಂತಾದವಕ್ಕೆ ಶೇ. 5ರಷ್ಟು ಕೂಡಿಸಿ 181 ರೂಪಾಯಿ ಎಂದು ಬರೆದುಕೊಳ್ಳುತ್ತೇನೆ.

ಗ್ಯಾಸಿನ ಬಗ್ಗೆ ಜನ ಪಡುವಷ್ಟು ಆತಂಕಕ್ಕೆ ಕಾರಣವಿಲ್ಲ. ಅಡುಗೆಗೆಂದು ಬರುವ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲವಾದ್ದರಿಂದ ನಾನು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಬೇರೆ ಅಡುಗೆ ನಡೆಯದ ಕಾರಣ ಅಳತೆಯೂ ಸುಲಭವಾಯಿತು: ಮನುಷ್ಯರು ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಸಿಲಿಂಡರನ್ನು ಇಟ್ಟು ತೂಕ ಬರೆದುಕೊಂಡು, ಸಾಕಷ್ಟು ಕೇಕುಗಳಾದ ಮೇಲೆ ಮತ್ತೆ ತೂಗಿ, ವ್ಯತ್ಯಾಸವನ್ನು ಕೇಕುಗಳ ಸಂಖ್ಯೆಯಿಂದ ಭಾಗಿಸಿದೆ. ಒಂದೇ ಕೇಕಿಗೆ ಹೀಗೆ ಅಳೆಯಲು ಹೋದರೆ ಆ ಯಂತ್ರದ ಮುಳ್ಳು ಅಲುಗಿದ್ದೂ ತಿಳಿಯುವುದಿಲ್ಲ. ದಪ್ಪ ತಳದ ಬಾಣಲೆಯಲ್ಲಿ ಮರಳು ಹಾಕಿ ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಪಾಕ ಮತ್ತು ಹಣ್ಣನ್ನೂ ಒಲೆಯ ಮೇಲಿಟ್ಟು ತೆಗೆಯಲು ಸರಾಸರಿ 110 ಗ್ರಾಂ ಗ್ಯಾಸು ಬೇಕಾಗುತ್ತದೆ. ಕೆ.ಜಿ.ಗೆ 90 ರೂಪಾಯಿಯ ಲೆಕ್ಕದಲ್ಲಿ ಅದು ಹತ್ತು ರೂಪಾಯಿ. ಬೀಟರ್ ಮತ್ತು ಫ್ರಿಜ್ಜಿನ ವಿದ್ಯುತ್ತಿಗೆ ಐದು ರೂಪಾಯಿ ಹಾಕುತ್ತೇನೆ. ಓವನ್ ಬಳಸುವವರು ಮಾತ್ರ ಗೃಹಜ್ಯೋತಿಯ ಮಿತಿಯ ಮೇಲೆ ಕಣ್ಣಿಡಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕಾಗುತ್ತದೆ, ಆಗ ಕೊನೆಯ ಒಂದೆರಡು ಕೇಕುಗಳ ವಿದ್ಯುತ್ತು ಅಸಲಿಗಿಂತ ಎಷ್ಟೋ ಪಟ್ಟು ದುಬಾರಿಯಾಗಿರುತ್ತದೆ.

ಪ್ಯಾಕಿಂಗಿನ ಡಬ್ಬ, ಕೇಕ್ ಬೋರ್ಡು, ಬಟರ್ ಪೇಪರ್, ಮೇಣದಬತ್ತಿ, ಪ್ಲಾಸ್ಟಿಕ್ ಚಾಕು, ಹೆಸರಿನ ಚೀಟಿ ಇವೆಲ್ಲ ಸೇರಿ 58 ರೂಪಾಯಿ. ಗ್ಯಾಸಿನ ಸುಮಾರು ಆರು ಪಟ್ಟು. ಸಂತೇಪೇಟೆಯಲ್ಲಿ ಕಟ್ಟುಗಟ್ಟಲೆ ಕೊಂಡರೆ ಡಬ್ಬ ಅಗ್ಗವಾಗುತ್ತದೆ ನಿಜ, ಆದರೆ ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ರಟ್ಟು ಥಂಡಿ ಹೀರಿ ಮೆತ್ತಗಾಗಿಬಿಡುತ್ತದೆ. ಕೇಕಿನ ತೂಕ ತೋರಿಸುವಾಗ ಬೋರ್ಡಿನ ತೂಕವನ್ನು ಕಳೆದೇ ತೋರಿಸಬೇಕು. ಬೀಟರು, ಟಿನ್ನು, ನಾಝಲ್, ತಿರುಗುಮಣೆಗಳ ಸವೆತಕ್ಕೆಂದು ಕೇಕಿಗೆ 20 ರೂಪಾಯಿ ತೆಗೆದಿಡುತ್ತೇನೆ. ಬೀಟರು ಕೆಟ್ಟ ದಿನ ಆ ಹಣ ಉಪಯೋಗಕ್ಕೆ ಬರುತ್ತದೆ.

ಇನ್ನು ದುಡಿಮೆ. ಇಲ್ಲಿ ಕೈ ಕೆಲಸ ಮಾಡುವ ಹೊತ್ತನ್ನೂ ಕಾಯುವ ಹೊತ್ತನ್ನೂ ಬೇರೆ ಮಾಡದೆ ಹೋದರೆ ಲೆಕ್ಕ ಒಂದೋ ಉಬ್ಬುತ್ತದೆ, ಇಲ್ಲವೇ ಕುಗ್ಗುತ್ತದೆ. ಗಡಿಯಾರ ನೋಡಿ ಬರೆದುಕೊಂಡಾಗ ತೂಗಿ ಕಲಸುವುದಕ್ಕೆ 25 ನಿಮಿಷ, ಪಾಕ ಮತ್ತು ಹಣ್ಣಿಗೆ 20, ಕ್ರೀಮು ಹೊಡೆಯಲು 15, ಪದರ ಜೋಡಿಸಿ ಮೊದಲ ಲೇಪ ಕೊಡಲು 30, ಕೊನೆಯ ಲೇಪ, ಹೂವು ಮತ್ತು ಹೆಸರು ಬರೆಯಲು 45 ನಿಮಿಷ ಹಿಡಿಯಿತು. ಇದರ ಮೇಲೆ ಪಾತ್ರೆ ತೊಳೆಯಲು 25 ನಿಮಿಷ; ಯಾವ ಬಣ್ಣ, ಹೆಸರಿನ ಕಾಗುಣಿತ ಏನು ಎಂದು ವಾಟ್ಸಾಪಿನಲ್ಲಿ ವಿಚಾರಿಸಿ, ಕೊನೆಗೆ ಡಬ್ಬಕ್ಕೆ ತುಂಬಲು 20 ನಿಮಿಷ. ಪಾತ್ರೆ ಮತ್ತು ಮಾತಿನ ಈ ಮುಕ್ಕಾಲು ಗಂಟೆಯನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಒಟ್ಟು ಮೂರು ಗಂಟೆ ಕೈಕೆಲಸ. ಬೇಯುವಾಗ ಮತ್ತು ಫ್ರಿಜ್ಜಿನಲ್ಲಿ ಬಿಗಿಯುವಾಗ ಕಾಯುವ ಒಂದೂಕಾಲು ಗಂಟೆಯಲ್ಲಿ ಮನೆಯ ಬೇರೆ ಕೆಲಸ ಆಗುತ್ತದೆ, ಆದರೆ ಮನೆ ಬಿಟ್ಟು ಕದಲುವಂತಿಲ್ಲ. ಹಾಗಾಗಿ ಅದರ ಮೂರನೆಯ ಒಂದು ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಅಲ್ಲಿಗೆ 3 ಗಂಟೆ 25 ನಿಮಿಷ.

ಗಂಟೆಗೆ ಎಷ್ಟು ಎಂಬುದಕ್ಕೆ ನನ್ನದು ಒಂದೇ ಪ್ರಶ್ನೆ: ನನಗೆ ಹುಷಾರಿಲ್ಲದ ದಿನ ಇದೇ ಕೆಲಸವನ್ನು ಇಷ್ಟೇ ಅಚ್ಚುಕಟ್ಟಾಗಿ ಮಾಡಲು ಬೇರೊಬ್ಬರನ್ನು ಕರೆದರೆ ಎಷ್ಟು ಕೊಡಬೇಕಾದೀತು? ವಿಚಾರಿಸಿ ನೋಡಿ 100 ರೂಪಾಯಿ ಎಂದು ಗೊತ್ತುಮಾಡಿಕೊಂಡೆ. ಅದರಂತೆ ದುಡಿಮೆ 342 ರೂಪಾಯಿ. ಎಲ್ಲವನ್ನೂ ಕೂಡಿದರೆ ಕೇಕು ನನಗೇ ಬೀಳುವ ಅಸಲು 616 ರೂಪಾಯಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದುಡಿಮೆಯದೇ. ಶೇ. 15ರ ಲಾಭ ಸೇರಿಸಿದರೆ 708 ರೂಪಾಯಿ ಆಗುತ್ತದೆ. ಮೂರು ಪಟ್ಟಿನ ಸೂತ್ರ 172ಕ್ಕೆ 516 ರೂಪಾಯಿ ಹೇಳುತ್ತಿತ್ತು. ಅಷ್ಟಕ್ಕೆ ಮಾರಿದ್ದರೆ ಅಸಲೇ ನೂರು ರೂಪಾಯಿ ಕಡಿಮೆ ಬೀಳುತ್ತಿತ್ತು.

ನಮ್ಮ ಬಡಾವಣೆಯ ಬೇಕರಿಯಲ್ಲಿ ಇಂಥದೇ ಕೇಕು ಇದಕ್ಕಿಂತ ಕಡಿಮೆಗೆ ಸಿಗುತ್ತದೆ. ಅವರು ಒಂದೇ ಸಲ ಹಲವು ಕೇಕಿಗೆ ಹಿಟ್ಟು ಕಲಸುತ್ತಾರೆ, ಒಂದೇ ಸಲ ಕ್ರೀಮು ಹೊಡೆಯುತ್ತಾರೆ. ಅದನ್ನು ಸಣ್ಣ ಪ್ರಮಾಣದಲ್ಲಿ ಮನೆಯಲ್ಲೂ ಮಾಡಬಹುದು. ಒಂದೇ ದಿನ ಒಂದೇ ಬಗೆಯ ಎರಡು ಕೇಕು ಮಾಡಿದಾಗ ಸಮಯ ದುಪ್ಪಟ್ಟಾಗುವುದಿಲ್ಲ. ತೂಗುವುದು, ಕ್ರೀಮು, ಪಾತ್ರೆ ತೊಳೆಯುವುದು ಎರಡಕ್ಕೂ ಸೇರಿ ಆಗುವುದರಿಂದ ಒಟ್ಟು 4 ಗಂಟೆ 40 ನಿಮಿಷ ಸಾಕು. ಆಗ ಒಂದರ ದುಡಿಮೆ 233ಕ್ಕೆ, ಬೆಲೆ 583ಕ್ಕೆ ಇಳಿಯುತ್ತದೆ. ಆದ್ದರಿಂದ ಶನಿವಾರ, ಭಾನುವಾರದ ಆರ್ಡರುಗಳಿಗೆ ಒಂದು ಬೆಲೆ, ವಾರದ ನಡುವೆ ಒಂಟಿಯಾಗಿ ಬರುವ ಆರ್ಡರಿಗೆ ಇನ್ನೊಂದು ಬೆಲೆ ಎಂದು ಮೊದಲೇ ತಿಳಿಸಿಬಿಡುತ್ತೇನೆ.

ವಾದ ಬರುವುದು ಅರ್ಧ ಕೆ.ಜಿ.ಗೆ. "ಅಕ್ಕಾ, ಅರ್ಧ ಕೇಜಿ ತಾನೇ, ಅರ್ಧ ರೇಟು ಮಾಡ್ಕೊಡಿ" ಎಂದು ಕೇಳದವರು ಕಡಿಮೆ. ಅರ್ಧ ಕೆ.ಜಿ.ಯಲ್ಲಿ ಅರ್ಧವಾಗುವುದು ಸಾಮಗ್ರಿ ಮಾತ್ರ, ಅದು ಸುಮಾರು 95 ರೂಪಾಯಿಗೆ ಬರುತ್ತದೆ. ಡಬ್ಬ ತುಸು ಚಿಕ್ಕದು, ಉರಿ ಹತ್ತಿರ ಹತ್ತಿರ ಅಷ್ಟೇ. ತೊಳೆಯಬೇಕಾದ ಪಾತ್ರೆಗಳು ಅವೇ, ಬರೆಯಬೇಕಾದ ಹೆಸರೂ ಅದೇ. ದುಡಿಮೆ 2 ಗಂಟೆ 45 ನಿಮಿಷಕ್ಕಿಂತ ಕೆಳಗಿಳಿಯದ ಕಾರಣ ಅಸಲು 454, ಬೆಲೆ 520 ರೂಪಾಯಿಯ ಆಸುಪಾಸು ನಿಲ್ಲುತ್ತದೆ. ಎರಡೂ ಬೆಲೆಗಳನ್ನು ಪಕ್ಕಪಕ್ಕದಲ್ಲಿ ಬರೆದು ಕಳಿಸಿದರೆ ಹಲವರು ತಾವಾಗಿಯೇ ಒಂದು ಕೆ.ಜಿ.ಗೆ ಬರುತ್ತಾರೆ.

ಚಿತ್ರ ತೋರಿಸಿ "ಹೀಗೇ ಬೇಕು" ಎನ್ನುವವರಿಗೆ ತೂಕದ ಬೆಲೆಯ ಮೇಲೆ ಹೆಚ್ಚುವರಿ ಗಂಟೆಗಳನ್ನು ಎಣಿಸಿ ಸೇರಿಸುತ್ತೇನೆ. ಸಕ್ಕರೆ ಗೊಂಬೆ ಒಂದಕ್ಕೆ ಒಂದೂವರೆ ಗಂಟೆ ಹಿಡಿಯುವುದಾದರೆ 150 ರೂಪಾಯಿ, ಜೊತೆಗೆ ಫಾಂಡೆಂಟಿನ ಬೆಲೆ. ತಲುಪಿಸುವ ಖರ್ಚನ್ನು ಕೇಕಿನ ಬೆಲೆಯೊಳಗೆ ಬೆರೆಸುವುದಿಲ್ಲ. ಆಟೋದವರು ಎಷ್ಟು ಹೇಳುತ್ತಾರೋ ಅಷ್ಟನ್ನು ಬೇರೆಯಾಗಿ ಬರೆದು ಕೊಡುತ್ತೇನೆ. ಮಂಡ್ಯಕ್ಕೆ ಬೇಕೆಂದವರಿಗೆ ಮಾತ್ರ ಕ್ರೀಮಿನ ಬದಲು ಬಟರ್ ಸ್ಪಂಜು ಕೇಕನ್ನು ಒಪ್ಪಿಸಿಯೇ ಆರ್ಡರ್ ಹಿಡಿಯುತ್ತೇನೆ, ಏಕೆಂದರೆ ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಸೀಟಿನ ಮೇಲೆ ಒಂದು ಗಂಟೆ ಕೂತ ಕ್ರೀಮ್ ಕೇಕಿಗೆ ಯಾವ ಬೆಲೆಯೂ ನಿಲ್ಲುವುದಿಲ್ಲ.