ತಾರ್ಲೆ ಮೀನಿನ ಮುಳ್ಳು ಗಂಟಲಲ್ಲಿ ನಿಂತಾಗ: ಅನ್ನದ ಉಂಡೆ ಇಲ್ಲದೆ ತೆಗೆದ ನನ್ನ ಅನುಭವ

ಸಣ್ಣ ಕ್ಲಿನಿಕ್ಕಿನಲ್ಲಿ, ಕುರ್ಚಿ ಮೇಲೆ ಕೂರಿಸಿಯೇ ಮೀನಿನ ಮುಳ್ಳು ತೆಗೆಯಬಹುದು ಅಂದಾಗ ಜೊತೆಯ ವೈದ್ಯರಲ್ಲಿ ಹೆಚ್ಚಿನವರು ಒಪ್ಪಿರಲಿಲ್ಲ. ಅದು ಕಿವಿ-ಮೂಗು-ಗಂಟಲಿನವರ ಕೆಲಸ, ಬಂದವರನ್ನೆಲ್ಲ ಕಳಿಸಿಬಿಡಿ ಎಂಬುದು ಅವರ ಮಾತು. ಈಗ ಕ್ರಮ ಕೈಗೆ ಕೂತಿದೆ. ಟಾನ್ಸಿಲ್‌ನಲ್ಲಿ ನಿಂತ ಮುಳ್ಳು ಹತ್ತರಲ್ಲಿ ಏಳೆಂಟು ಇಲ್ಲೇ ಬರುತ್ತದೆ. ಉಳಿದದ್ದನ್ನು ತಡ ಮಾಡದೆ ಕಳಿಸುವುದೂ ಇದೇ ಕ್ರಮದ ಭಾಗ.

ಅಂಕೋಲಾ ಕಡೆಯ ಒಂದು ಪ್ರಕರಣ ತೆಗೆದುಕೊಳ್ಳಿ. ಐವತ್ತರ ಆಸುಪಾಸಿನ ಹೆಂಗಸು, ಮಧ್ಯಾಹ್ನ ತಾರ್ಲೆ ಸಾರು ಊಟ. ಒಂದೂವರೆಗೆ ಚುಚ್ಚಿದ್ದು, ಬಂದದ್ದು ಐದಕ್ಕೆ. ನಡುವೆ ಮೂರು ಅನ್ನದ ಉಂಡೆ, ಒಂದು ಬಾಳೆಹಣ್ಣು, ಒಂದು ಲೋಟ ಮುರುಗಲು ಸಾರು ಆಗಿತ್ತು. "ಇಲ್ಲೇ ಚುಚ್ತದೆ ಡಾಕ್ಟ್ರೇ" ಎಂದು ಎಡ ದವಡೆಯ ಮೂಲೆಯ ಕೆಳಗೆ ಒಂದೇ ಬೆರಳಿಟ್ಟು ತೋರಿಸಿದರು. ಆ ಒಂದು ಬೆರಳು ಬೆಲೆಯುಳ್ಳದ್ದು. ಒಂದೇ ಬದಿ, ಒಂದೇ ಜಾಗ, ಉಗುಳು ನುಂಗಿದಾಗಲೆಲ್ಲ ಅಲ್ಲೇ ಚುಚ್ಚುವುದು ಅಂದರೆ ಮುಳ್ಳು ಟಾನ್ಸಿಲ್‌ನಲ್ಲೋ ನಾಲಿಗೆಯ ಬುಡದಲ್ಲೋ ಇರುವ ಸಾಧ್ಯತೆ ಹೆಚ್ಚು. ಇಡೀ ಅಂಗೈಯನ್ನು ಎದೆ ಮೇಲೆ ಸವರಿ "ಇಲ್ಲೆಲ್ಲೋ" ಅಂದರೆ ಮುಳ್ಳು ಅನ್ನನಾಳಕ್ಕೆ ಇಳಿದಿರಬಹುದು. ಅಂಥವರನ್ನು ನಾನು ಮುಟ್ಟುವುದಿಲ್ಲ.

ಸಾಮಾನು ಹೆಚ್ಚಿಲ್ಲ. ಚಾರ್ಜ್ ಆಗುವ ತಲೆದೀಪ ಸುಮಾರು ಒಂದೂವರೆ ಸಾವಿರ, ಬಾಗಿದ ಉದ್ದ ಚಿಮಟದಂಥ ಟಿಲ್ಲಿ ಫೋರ್ಸೆಪ್ಸ್ ನಾನೂರು ಐನೂರು, ನಾಲಿಗೆ ಒತ್ತುವ ಪಟ್ಟಿ, ಗಾಜ್, ಗಂಟಲು ಮರಗಟ್ಟಿಸುವ ಶೇಕಡಾ 10ರ ಲಿಗ್ನೊಕೇನ್ ಸ್ಪ್ರೇ. ಇಲ್ಲಿಂದ ಹುಬ್ಬಳ್ಳಿಗೋ ಗೋವೆಗೋ ಗಾಡಿ ಮಾಡಿಕೊಂಡು ಹೋದರೆ ಒಂದೇ ಸಲಕ್ಕೆ ಇದಕ್ಕಿಂತ ಹೆಚ್ಚು ಖರ್ಚು. ಮೊದಲು ಒಂದು ಟಾರ್ಚ್ ಹಿಡಿದೇ ನೋಡುತ್ತಿದ್ದೆ. ಒಂದು ಕೈ ಟಾರ್ಚಿಗೆ ಹೋದರೆ ಫೋರ್ಸೆಪ್ಸ್ ಹಿಡಿಯುವಾಗ ನಾಲಿಗೆ ಒತ್ತಲು ಕೈ ಉಳಿಯುವುದಿಲ್ಲ. ಆರಂಭದ ಸೋಲಿನಲ್ಲಿ ಅರ್ಧ ಅದರಿಂದಲೇ.

ಸ್ಪ್ರೇಗೆ ಮೊದಲು ಲಿಗ್ನೊಕೇನ್ ಅಲರ್ಜಿ ಇದೆಯೇ ಎಂದು ಕೇಳಬೇಕು. ಒಂದು ಒತ್ತಿಗೆ 10 ಮಿಲಿಗ್ರಾಂ ಬೀಳುತ್ತದೆ, ದೊಡ್ಡವರಿಗೆ ಮೂರು ನಾಲ್ಕು ಒತ್ತು ಸಾಕು. ಆಮೇಲೆ ಐದು ನಿಮಿಷ ನಿಜವಾಗಿ ಕಾಯಬೇಕು. ಒಂದು ನಿಮಿಷಕ್ಕೇ ಪಟ್ಟಿ ಇಟ್ಟರೆ ಓಕರಿಕೆ ಬಂದು ಟಾನ್ಸಿಲ್ ಮುದುಡಿ ಮುಳ್ಳು ಒಳಗೆ ಮುಚ್ಚಿಕೊಳ್ಳುತ್ತದೆ. ಬಾಯಲ್ಲಿ ಚಿಕ್ಕ ಚಿಕ್ಕ ಉಸಿರು ಆಡಿಸಲು ಹೇಳುತ್ತೇನೆ. ಓಕರಿಕೆ ತಡೆಯಲು ನನ್ನದೇ ಇನ್ನೊಂದು ಕೈಚಳಕ ಇದೆ, ಅದನ್ನು ಎದುರು ನಿಂತೇ ತೋರಿಸಬೇಕು, ಬರೆದರೆ ತಪ್ಪಾಗಿ ತಿಳಿಯುತ್ತದೆ.

ಈ ಹೆಂಗಸಿನಲ್ಲಿ ಕಂಡದ್ದು ಎಡ ಟಾನ್ಸಿಲ್‌ನ ಕೆಳತುದಿಯಲ್ಲಿ ಒಂದು ಬಿಳಿ ಎಳೆ. ಉಗುಳಿನ ಎಳೆಯೂ ಬೆಳಕಿಗೆ ಹೀಗೇ ಹೊಳೆಯುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ಒಮ್ಮೆ ಮೆಲ್ಲನೆ ಒರೆಸಿದೆ. ಉಗುಳಾಗಿದ್ದರೆ ಹತ್ತಿಗೆ ಅಂಟಿ ಹೋಗುತ್ತಿತ್ತು, ಇದು ಅಲ್ಲಾಡದೆ ನಿಂತಿತು. ಮುಳ್ಳು ಎಷ್ಟೋ ಸಲ ಎರಡು ಮಿಲಿಮೀಟರ್ ಮಾತ್ರ ಹೊರಗಿರುತ್ತದೆ, ಉಳಿದದ್ದು ಮಾಂಸದೊಳಗೆ. ಹೊಕ್ಕ ದಿಕ್ಕಿನಲ್ಲೇ ನೇರ ಎಳೆಯಬೇಕು. ಅಡ್ಡ ಎಳೆದು ಒಂದನ್ನು ಮುರಿದದ್ದುಂಟು. ಒಳಗಿನ ತುಂಡು ಕಾಣದೆ ಕೊನೆಗೆ ಅವರನ್ನು ದೊಡ್ಡ ಆಸ್ಪತ್ರೆಗೇ ಕಳಿಸಬೇಕಾಯಿತು. ಇಲ್ಲಿ ನೇರವಾಗಿ ಬಂತು, ಒಂದೂವರೆ ಸೆಂಟಿಮೀಟರ್ ಇದ್ದಿರಬೇಕು. ಗಂಟಲು ಮರಗಟ್ಟಿರುತ್ತದೆಯಾದ್ದರಿಂದ ಒಂದು ಗಂಟೆ ನೀರೂ ಕೊಡಬಾರದು, ಕೊಟ್ಟರೆ ಶ್ವಾಸನಾಳಕ್ಕೆ ಹೋದೀತು.

ಅನ್ನದ ಉಂಡೆಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಕೆಲವರಿಗೆ ಅದರಿಂದ ಹೋದದ್ದು ನಿಜ, ಮೇಲೆ ಸಡಿಲವಾಗಿ ಕೂತ ಮುಳ್ಳು ಹೇಗಾದರೂ ಹೋಗುತ್ತದೆ. ನಾಟಿದ ಮುಳ್ಳನ್ನು ಉಂಡೆ ಇನ್ನೂ ಆಳಕ್ಕೆ ಒತ್ತುತ್ತದೆ ಇಲ್ಲವೇ ಮುರಿಯುತ್ತದೆ. ಇನ್ನೊಂದು ಕಷ್ಟ ಜನರಿಗೆ ಗೊತ್ತಿಲ್ಲ: ಮುಂದೆ ಅರಿವಳಿಕೆ ಕೊಟ್ಟು ದುರ್ಬೀನು, ಅಂದರೆ ಎಂಡೋಸ್ಕೋಪ್, ಹಾಕಬೇಕಾದರೆ ಹೊಟ್ಟೆ ಖಾಲಿ ಇರಬೇಕು, ಸಾಮಾನ್ಯವಾಗಿ ಊಟವಾಗಿ ಆರು ಗಂಟೆ. ನಾಲ್ಕಕ್ಕೆ ತಿಂದ ಉಂಡೆ ಎಲ್ಲವನ್ನೂ ರಾತ್ರಿಗೆ ತಳ್ಳುತ್ತದೆ.

ಹುಳಿಗೆ ಮುಳ್ಳು ಕರಗುತ್ತದೆ ಅನ್ನುವವರಿಗಾಗಿ ತಾರ್ಲೆ ಮುಳ್ಳುಗಳನ್ನು ವಿನೆಗರ್, ಲಿಂಬೆರಸ, ಮುರುಗಲು ನೀರು ಮೂರರಲ್ಲೂ ಹಾಕಿಟ್ಟು ನೋಡಿದೆ. ಹತ್ತು ನಿಮಿಷಕ್ಕೆ ತೆಗೆದರೆ ಮೊದಲಿನಷ್ಟೇ ಗಡಸು. ವಿನೆಗರಿನದ್ದು ಮಾರನೆ ದಿನಕ್ಕೆ ಬಾಗುವಂತಾಯಿತು, ಕರಗಲಿಲ್ಲ. ಗಂಟಲಲ್ಲಿ ಹುಳಿ ನಿಲ್ಲುವುದು ಎರಡು ಸೆಕೆಂಡು, ಗೀರಿದ ಜಾಗ ಉರಿಯುವುದಷ್ಟೇ ಲಾಭ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಪೈಪ್ ಕ್ಯಾಮೆರಾವನ್ನು ಸುಮಾರು ಸಾವಿರದಿನ್ನೂರು ಕೊಟ್ಟು ತಂದೆ. ಬಾಯಿಯ ಬಿಸಿಗೆ ಗಾಜು ಮಂಜಾಯಿತು, ಸರಿಯಾಗಿ ಶುದ್ಧ ಮಾಡುವ ದಾರಿಯೂ ಇಲ್ಲ. ರೋಗಿಗೆ ಬಳಸದೆ ಕಪಾಟಿನಲ್ಲಿಟ್ಟೆ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಊಟ ನಿಲ್ಲಿಸಿ, ಬಾಯಲ್ಲಿದ್ದದ್ದನ್ನು ಉಗುಳಿ. ಎರಡು ಮೂರು ಸಲ ಕೆಮ್ಮಿ. ನುಂಗಲು ತೊಂದರೆ ಇಲ್ಲದಿದ್ದರೆ ಒಂದೆರಡು ಗುಟುಕು ನೀರು. ಬೆರಳು ಹಾಕಬೇಡಿ, ವಾಂತಿ ಬರಿಸಬೇಡಿ, ಹುಬ್ಬು ಕೀಳುವ ಚಿಮಟ ಒಳಗೆ ಬಿಡಬೇಡಿ. ಒಂದೆರಡು ತಾಸಿನ ಮೇಲೂ ಅದೇ ಜಾಗದಲ್ಲಿ ಚುಚ್ಚುತ್ತಿದ್ದರೆ ಅದೇ ದಿನ ತೋರಿಸಿ. ಮಕ್ಕಳಾದರೆ ಕಾಯುವುದೇ ಬೇಡ. ನಾನೂ ಅವರನ್ನು ನೇರ ಕಳಿಸುತ್ತೇನೆ, ಅಳುವ ಮಗುವಿನ ಬಾಯಲ್ಲಿ ಫೋರ್ಸೆಪ್ಸ್ ಹಾಕಬಾರದು.

ಉಗುಳು ನುಂಗಲಾರದೆ ಜೊಲ್ಲು ಸುರಿಯುವುದು, ಉಸಿರಿಗೆ ಕಷ್ಟ ಅಥವಾ ಸೀಟಿಯಂಥ ಸದ್ದು, ಎದೆ ಅಥವಾ ಬೆನ್ನಿನ ನಡುವೆ ನೋವು, ರಕ್ತ ಬರುವುದು, ಜ್ವರ, ಕತ್ತು ಊದುವುದು, ಕತ್ತಿನ ಚರ್ಮ ಒತ್ತಿದರೆ ಚರಚರ ಅನ್ನುವುದು: ಇವುಗಳಲ್ಲಿ ಒಂದಿದ್ದರೂ ಏನೂ ತಿನ್ನದೆ, ಕುಡಿಯದೆ ದುರ್ಬೀನು ಇರುವ ಆಸ್ಪತ್ರೆಗೆ ಆಗಲೇ ಹೊರಡಬೇಕು. ಅನ್ನನಾಳದಲ್ಲಿ ಚೂಪು ಮುಳ್ಳಿದ್ದರೆ ಕೆಲವು ಗಂಟೆಗಳಲ್ಲೇ ತೆಗೆಯಬೇಕು, ಒಂದು ದಿನ ದಾಟಿದರೆ ತೂತು ಬೀಳುವ ಅಪಾಯ ಏರುತ್ತದೆ. ಮಾತೇ ಹೊರಡದೆ, ಕೆಮ್ಮಲಾಗದೆ ಮುಖ ನೀಲಿಯಾದರೆ ಅದು ಮುಳ್ಳಿನ ಚುಚ್ಚಲ್ಲ, ಉಸಿರು ಕಟ್ಟಿದ್ದು. ಬಗ್ಗಿಸಿ ಬೆನ್ನಿಗೆ ಐದು ಬಲವಾದ ಹೊಡೆತ, ಬಿಡದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕಳಿಗಿಂತ ಸ್ವಲ್ಪ ಮೇಲೆ ಒಳಗೂ ಮೇಲಕ್ಕೂ ಐದು ಒತ್ತು, ಹೀಗೆ ಬದಲಿಸುತ್ತಾ ಹೋಗಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ನೋಡಿದಾಗ ಗಂಟಲಲ್ಲಿ ಏನೂ ಕಾಣಸಿಗದವರ ವಿಷಯದಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಮುಳ್ಳು ಹೋದರೂ ಗೀರಿನ ನೋವು ಒಂದೆರಡು ದಿನ ಇರುತ್ತದೆ. ಹಾಗೆಂದು ಒಬ್ಬರನ್ನು ಎಕ್ಸ್‌ರೇ ಚೆನ್ನಾಗಿದೆ ಎಂದು ಮನೆಗೆ ಬಿಟ್ಟೆ, ಮೂರನೇ ದಿನ ಜ್ವರ, ಕತ್ತುನೋವಿನಿಂದ ಬಂದರು. ಸಿ.ಟಿ. ಸ್ಕ್ಯಾನ್‌ನಲ್ಲಿ ಮುಳ್ಳು ಅನ್ನನಾಳದ ಬಾಯಲ್ಲೇ ಕಂಡಿತು. ಸಣ್ಣ ಮುಳ್ಳು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಈಗ ಚೀಟಿಯಲ್ಲೇ ಬರೆದು ಕೊಡುತ್ತೇನೆ: ನಾಳೆ ಬೆಳಿಗ್ಗೆ ನೋವು ಇಂದಿಗಿಂತ ಕಡಿಮೆಯಾಗದಿದ್ದರೆ ತಿಂಡಿ ತಿನ್ನದೆ ಬನ್ನಿ. ಹಾಗೆ ಬಂದವರನ್ನು ಎರಡನೇ ಸಲ ಇಣುಕಿ ನೋಡುತ್ತಾ ಕೂರದೆ ದುರ್ಬೀನಿಗೆ ಕಳಿಸುತ್ತೇನೆ.