ನಾಲ್ಕೂವರೆ ಇಂಚಾ, ಒಂಬತ್ತಾ? ಕಾಂಪೌಂಡ್ ಕಟ್ಟೋಕೆ ಮುಂಚೆ ಹಾಕ್ಕೋಬೇಕಾದ ಲೆಕ್ಕ

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಒಂದು ಸಂಜೆ, ಮಳೆ ಶುರುವಾಗೋಕೆ ಹತ್ತು ನಿಮಿಷ ಮುಂಚೆ ಬೀಸೋ ಗಾಳಿ ಇರುತ್ತಲ್ಲ, ಆ ಗಾಳಿಗೆ ನಮ್ಮ ಚಿಕ್ಕಪ್ಪನ ಸೈಟಿನ ಕಾಂಪೌಂಡ್ ಮಲಗಿಬಿಡ್ತು. ಬೆಂಗಳೂರಿನ ಹೊರಗಡೆ ಲೇಔಟು, 30×40 ಸೈಟು, ಪಕ್ಕದ ಸೈಟ್‌ಗಳೆಲ್ಲ ಖಾಲಿ. 40 ಅಡಿ ಉದ್ದ, 5 ಅಡಿ ಎತ್ತರ, ನಾಲ್ಕೂವರೆ ಇಂಚಿನ ಗೋಡೆ, ಹತ್ತು ಹತ್ತು ಅಡಿಗೆ 9×9 ಇಟ್ಟಿಗೆ ಪಿಲ್ಲರ್, ಎರಡೂ ಕಡೆ ಪ್ಲಾಸ್ಟರಿಂಗ್, ಮೇಲೆ ಪೇಂಟ್ ಬೇರೆ. ಮಾರನೇ ದಿನ ಹೋಗಿ ನೋಡಿದ್ರೆ ಗೋಡೆ ಪಿಲ್ಲರ್ ಸಮೇತ ಒಂದೇ ಹಾಳೆ ಥರ ಬಿದ್ದಿತ್ತು, ಬುಡದಲ್ಲಿ ಬಿಸ್ಕತ್ ಮುರಿದ ಹಾಗೆ ನೀಟಾಗಿ ಕಳಚಿಕೊಂಡಿತ್ತು. "ಮೂವತ್ತು ವರ್ಷದಿಂದ ಹೀಗೇ ಕಟ್ತಾ ಇದೀನಿ ಸಾರ್, ಒಂದೂ ಬಿದ್ದಿಲ್ಲ, ಇದು ಗಾಳಿದೇ ತಪ್ಪು" ಅಂದ್ರು ಮೇಸ್ತ್ರಿ. ಅವರ ಮಾತಲ್ಲಿ ಅರ್ಧ ನಿಜ ಇದೆ, ಸುತ್ತ ಮನೆ ಇರೋ ಕಡೆ ಇಂಥ ಗೋಡೆಗೆ ಪೂರ್ತಿ ಗಾಳಿ ತಾಗೋದೇ ಇಲ್ಲ, ಅದಕ್ಕೇ ನಿಂತಿರುತ್ತೆ. ಉಳಿದರ್ಧ ಲೆಕ್ಕದ್ದು.

ಮೊದಲನೇ ಕೆಲಸ: ಗೋಡೇನ ಯಾರು ಹಿಡ್ಕೊಂಡಿದಾರೆ ನೋಡಿ

ಅರ್ಧ ಇಟ್ಟಿಗೆ ಗೋಡೆ ಅಂದ್ರೆ ಇಟ್ಟಿಗೆ ಅಗಲದಷ್ಟೇ ದಪ್ಪ, ನಾಲ್ಕೂವರೆ ಇಂಚು, ಸುಮಾರು 115 ಮಿಮೀ. ಒಂದು ಇಟ್ಟಿಗೆ ಗೋಡೆ ಅಂದ್ರೆ ಇಟ್ಟಿಗೆ ಉದ್ದದಷ್ಟು, ಒಂಬತ್ತು ಇಂಚು, 230 ಮಿಮೀ. ಈ ಲೆಕ್ಕಕ್ಕೆ ಪ್ಲಾಸ್ಟರ್ ಸೇರಿಸಬಾರದು, ಕೆಲವರು ಪ್ಲಾಸ್ಟರ್ ಸೇರಿಸಿ ಆರು ಇಂಚಿನ ಗೋಡೆ ಅಂತ ಹೇಳ್ತಾರೆ, ಅದು ಬಾಯಿಮಾತಿಗೆ ಅಷ್ಟೇ.

ಅದೇ ನಾಲ್ಕೂವರೆ ಇಂಚಿನ ಗೋಡೆ ಮನೆ ಒಳಗೆ 10 ಅಡಿ ಎತ್ತರ ಆರಾಮಾಗಿ ನಿಲ್ಲುತ್ತೆ, ಹೊರಗೆ 5 ಅಡಿಗೇ ಬೀಳುತ್ತೆ. ಯಾಕೆ ಅಂದ್ರೆ ಒಳಗೆ ಕೆಳಗೆ ನೆಲ, ಮೇಲೆ ಸ್ಲ್ಯಾಬು, ಅಕ್ಕಪಕ್ಕ ಅಡ್ಡ ಗೋಡೆ, ನಾಲ್ಕೂ ಕಡೆ ಹಿಡ್ಕೊಂಡಿರುತ್ತೆ. ಕಾಂಪೌಂಡಿಗೆ ಬುಡ ಒಂದೇ ಗತಿ, ಮೇಲ್ಗಡೆ ಬಯಲು. ಇಟ್ಟಿಗೆ ಗೋಡೆಗೆ ನಮ್ಮಲ್ಲಿ ನೋಡೋ ಕೋಡು, ಅಂದ್ರೆ ನಿಯಮದ ಪುಸ್ತಕ, ಐಎಸ್ 1905, 1987ರದ್ದು. ಅದು ಕೂಡ ಈ ವ್ಯತ್ಯಾಸ ಇಟ್ಕೊಂಡೇ ಲೆಕ್ಕ ಹೇಳುತ್ತೆ. ಮೇಲೂ ಕೆಳಗೂ ಸ್ಲ್ಯಾಬ್ ಗಟ್ಟಿಯಾಗಿ ಹಿಡಿದಿದ್ರೆ ಗೋಡೆ ಎತ್ತರದ ಮುಕ್ಕಾಲು ಭಾಗ ಮಾತ್ರ ಲೆಕ್ಕಕ್ಕೆ, ಮೇಲೆ ಏನೂ ಇಲ್ಲದೆ ಬುಡದಲ್ಲಿ ಮಾತ್ರ ಹಿಡಿದಿದ್ರೆ ಎತ್ತರದ ಒಂದೂವರೆ ಪಟ್ಟು. ಈ ಲೆಕ್ಕದ ಎತ್ತರಾನ ದಪ್ಪದಿಂದ ಭಾಗಿಸಿದ್ರೆ ಬರೋದೇ ಸ್ಲೆಂಡರ್‌ನೆಸ್, ಅಂದ್ರೆ ಗೋಡೆ ಎಷ್ಟು ಸಪೂರ ಅನ್ನೋ ಸಂಖ್ಯೆ. ಭಾರ ಹೊರೋ ಗೋಡೆಗೆ, ಸಿಮೆಂಟ್ ಗಾರೆ ಆದ್ರೆ, ಅದು 27 ದಾಟಬಾರದು.

ಒಂದು ತಮಾಷೆ ನೋಡಿ, 3 ಮೀಟರ್ ಎತ್ತರದ ಅರ್ಧ ಇಟ್ಟಿಗೆ ಗೋಡೆಗೆ ಸ್ಲ್ಯಾಬ್ ಇದ್ರೆ ಲೆಕ್ಕದ ಎತ್ತರ 2250 ಮಿಮೀ, ಅದನ್ನ 115ರಿಂದ ಭಾಗಿಸಿದ್ರೆ 19.6, ಪಾಸ್! ಹಾಗಂತ ಅದರ ಮೇಲೆ ಸ್ಲ್ಯಾಬ್ ಕೂರಿಸೋಕೆ ಹೋಗಬೇಡಿ. ಅಷ್ಟು ಸಪೂರ ಇರೋ ಗೋಡೆ ತನ್ನ ಇಟ್ಟಿಗೆ-ಗಾರೆ ಹೊರಬೇಕಾದ ಭಾರದಲ್ಲಿ ಸುಮಾರು 63 ಪರ್ಸೆಂಟ್ ಮಾತ್ರ ಹೊರುತ್ತೆ, ಒಂಬತ್ತು ಇಂಚಿಂದು 90ರ ಹತ್ತಿರ. ಮೇಲಿಂದ ಎಲೆಕ್ಟ್ರಿಷಿಯನ್ ಬಂದು ಪೈಪಿಗೆ ಅಂತ ಒಂದು ಇಂಚು ಆಳ ಕಟ್ ಮಾಡಿದ್ರೆ ಅಲ್ಲಿ ಉಳಿಯೋದೇ ಮೂರೂವರೆ ಇಂಚು.

ಎರಡನೇದು: ಕಾಂಪೌಂಡಿಗೆ ಗಾಳಿ ಲೆಕ್ಕ

ಬೆಂಗಳೂರಿಗೆ ಗಾಳಿಯ ಕೋಡು ಐಎಸ್ 875ರಲ್ಲಿ ಕೊಟ್ಟಿರೋ ವೇಗ ಸೆಕೆಂಡಿಗೆ 33 ಮೀಟರ್. 0.6 × 33 × 33 ಅಂತ ಗುಣಿಸಿದ್ರೆ ಒಂದು ಚದರ ಮೀಟರ್ ಮೇಲೆ ಸುಮಾರು 650 ನ್ಯೂಟನ್, ಅಂದ್ರೆ 65 ಕೆಜಿ ಒತ್ತಡ. ಅಲ್ಲಲ್ಲಿ ಮನೆ ಇರೋ ಲೇಔಟ್ ಅಂತ ಸ್ವಲ್ಪ ಕಡಿಮೆ ಮಾಡಿ 55 ಕೆಜಿ ಇಟ್ಕೊಳ್ಳೋಣ. ಈಗ ಚಿಕ್ಕಪ್ಪನ ಗೋಡೇಲಿ ಒಂದು ಮೀಟರ್ ಉದ್ದದ ತುಂಡು ತಗೊಳ್ಳಿ, ಎತ್ತರ ಒಂದೂವರೆ ಮೀಟರ್. ಗಾಳಿ ತಳ್ಳೋದು ಸುಮಾರು 80 ಕೆಜಿ, ಅದು ತಳ್ಳೋದು ಗೋಡೆ ಮಧ್ಯದಲ್ಲಿ, ಬುಡದಿಂದ 75 ಸೆಂಮೀ ಮೇಲೆ. 80 × 75, ಆರು ಸಾವಿರ. ಗೋಡೆ ಬೀಳದ ಹಾಗೆ ತಡೆಯೋದು ಅದರ ಸ್ವಂತ ತೂಕ, ಆ ತುಂಡಿನ ತೂಕ ಹತ್ತಿರ ಹತ್ತಿರ 350 ಕೆಜಿ, ಆದ್ರೆ ಅದಕ್ಕೆ ಸಿಗೋ ಪಟ್ಟು, ಅಂದ್ರೆ ಗೋಡೆ ಮಗುಚೋ ಅಂಚಿಂದ ತೂಕದ ನಡುವಿಗೆ ಇರೋ ದೂರ, ದಪ್ಪದ ಅರ್ಧ ಮಾತ್ರ, 5.75 ಸೆಂಮೀ. ಗುಣಿಸಿದ್ರೆ ಎರಡು ಸಾವಿರ. ಬೀಳ್ಸೋದು ಆರು ಸಾವಿರ, ನಿಲ್ಸೋದು ಎರಡು ಸಾವಿರ. ಮಿಕ್ಕಿದ್ದನ್ನೆಲ್ಲ ಬುಡದ ಗಾರೆ ಅಂಟೇ ತಡ್ಕೋಬೇಕು, ಅದಕ್ಕೆ ಅಷ್ಟು ತಾಕತ್ತಿಲ್ಲ. ಅಲ್ಲಿ ಬಿದ್ದಿದ್ದ ಇಟ್ಟಿಗೆ ಎತ್ಕೊಂಡು ಬೆರಳಲ್ಲಿ ಉಜ್ಜಿದ್ರೆ ಮರಳು ಉದುರ್ತಿತ್ತು ಬೇರೆ, ಕ್ಯೂರಿಂಗ್ ಆಗಿರಲೇ ಇಲ್ಲ.

ಅದೇ ಗೋಡೆ ಒಂಬತ್ತು ಇಂಚು ಮಾಡಿ. ತೂಕ 700 ಕೆಜಿ, ಪಟ್ಟು 11.5 ಸೆಂಮೀ, ಗುಣಿಸಿದ್ರೆ ಎಂಟು ಸಾವಿರ. ದಪ್ಪ ಎರಡು ಪಟ್ಟಾದ್ರೆ ನಿಲ್ಲೋ ಶಕ್ತಿ ನಾಲ್ಕು ಪಟ್ಟು, ಯಾಕಂದ್ರೆ ತೂಕಾನೂ ಡಬಲ್, ಪಟ್ಟೂ ಡಬಲ್.

ಇಷ್ಟೆಲ್ಲ ಗುಣಿಸೋಕೆ ಬೇಜಾರು ಅಂದ್ರೆ ಇಟ್ಟಿಗೆ ಕೋಡಲ್ಲಿ ಸುಲಭದ ಟೇಬಲ್ ಇದೆ. ಭೂಕಂಪದ ಭಯ ಕಡಿಮೆ ಇರೋ ಊರಲ್ಲಿ, ಗಾರೆ 1:5ಕ್ಕಿಂತ, ಅಂದ್ರೆ ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳಿಗಿಂತ, ಬಡವಾಗಿರದಿದ್ರೆ, ಈ ಗಾಳಿಗೆ ಒಂಟಿ ಗೋಡೆ ಎತ್ತರ ದಪ್ಪದ 7 ಪಟ್ಟು ದಾಟಬಾರದು. ಅಂದ್ರೆ ಒಂಬತ್ತು ಇಂಚಿಗೆ 1.6 ಮೀಟರ್, 5 ಅಡಿ ಮೇಲೆ ಚೂರು. ನಾಲ್ಕೂವರೆ ಇಂಚಿಗೆ 80 ಸೆಂಮೀ, ಎರಡೂ ಮುಕ್ಕಾಲು ಅಡಿ ಕೂಡ ಆಗಲ್ಲ! ಬುಡದ ಹತ್ತಿರ ಶೀಟು ಗೀಟು ಹಾಸಿ ಗಾರೆ ಅಂಟದ ಥರ ಡ್ಯಾಂಪ್ ಪ್ರೂಫ್ ಮಾಡಿದ್ರೆ ಆ 7ರಲ್ಲೂ ಕಾಲು ಭಾಗ ಕಳೀಬೇಕು.

ಇಲ್ಲಿ ಒಂದು ಮೋಸ ಗಮನಿಸಿ. ಕೆಲವರು ಒಂಬತ್ತು ಇಂಚು ಅಂತ ದುಡ್ಡು ತಗೊಂಡು ಎರಡು ಅರ್ಧ ಇಟ್ಟಿಗೆ ಗೋಡೆ ಬೆನ್ನಿಗೆ ಬೆನ್ನು ಇಟ್ಟು ಕಟ್ಟಿರ್ತಾರೆ, ನಡುವೆ ಒಂದೂ ಅಡ್ಡ ಇಟ್ಟಿಗೆ ಇರಲ್ಲ. ಅಂಥ ಗೋಡೆ ಟೇಪಿಗೆ ಒಂಬತ್ತು, ಗಾಳಿಗೆ ನಾಲ್ಕೂವರೆ. ಪ್ಲಾಸ್ಟರ್ ಆಗೋ ಮುಂಚೆ ಎದುರಿಗೆ ನಿಂತು ನೋಡಿ, ಇಟ್ಟಿಗೆಯ ಉದ್ದ ಮುಖ ಮಾತ್ರ ಕಾಣ್ತಿದ್ರೆ ಕೆಲಸ ನಿಲ್ಸಿ, ಒಂದು ವರಸೆ ಬಿಟ್ಟು ಒಂದು ವರಸೆಯಾದ್ರೂ ಚಿಕ್ಕ ಮುಖ ಕಾಣಬೇಕು.

ಮೂರನೇದು: ಪಿಲ್ಲರ್ ಎಷ್ಟು ದೂರಕ್ಕೆ

"ಪಿಲ್ಲರ್ ಹಾಕಿದ್ವಲ್ಲ" ಅಂತ ಚಿಕ್ಕಪ್ಪ ಕೇಳಿದ್ರು. ಹಾಕಿದ್ರು, ಆದ್ರೆ ದೂರ ದೂರ. ಇಟ್ಟಿಗೆ ಪಿಲ್ಲರಿಂದ ಗೋಡೆ ಎಷ್ಟು ದಪ್ಪ ಆದ ಹಾಗೆ ಅನ್ನೋದಕ್ಕೆ ಕೋಡಲ್ಲಿ ಒಂದು ಗುಣಕ ಇದೆ. ಅದು ಭಾರ ಹೊರೋ ಗೋಡೆಗೆ ಅಂತ ಇರೋದು, ಕಾಂಪೌಂಡಿಗೆ ಅಂದಾಜಿಗೆ ಬಳಸ್ಕೋಬಹುದು. ಪಿಲ್ಲರ್ ದಪ್ಪ ಗೋಡೆ ದಪ್ಪದ ಎರಡು ಪಟ್ಟಿದ್ರೆ, ಪಿಲ್ಲರ್ ಅಗಲದ 6 ಪಟ್ಟು ದೂರಕ್ಕೆ ಒಂದೊಂದು ಇಟ್ರೆ ಗುಣಕ 1.4, 10 ಪಟ್ಟಿಗೆ 1.2, 15 ಪಟ್ಟಿಗೆ 1.1, 20 ಪಟ್ಟು ಆಯ್ತು ಅಂದ್ರೆ 1, ಅಂದ್ರೆ ಪಿಲ್ಲರ್ ಬರೀ ಶೋಗೆ. ಚಿಕ್ಕಪ್ಪನದು 9 ಇಂಚಿನ ಪಿಲ್ಲರ್, 10 ಅಡಿ ದೂರ, 13 ಪಟ್ಟು ಚಿಲ್ಲರೆ, ಗುಣಕ 1.13. 115 ಮಿಮೀ ಗೋಡೆ 130 ಆದ ಹಾಗೆ ಅಷ್ಟೇ. ಅದರ 7 ಪಟ್ಟು 91 ಸೆಂಮೀ, ಮೂರಡಿ. ಕಟ್ಟಿದ್ದು ಐದಡಿ.

ಬರೀ ಇಟ್ಟಿಗೇಲೇ ಸರಿಮಾಡಬೇಕು ಅಂದ್ರೆ ಪಿಲ್ಲರ್ 9 ಇಂಚು ಅಗಲ, ಹದಿಮೂರೂವರೆ ಇಂಚು ದಪ್ಪ, ನಾಲ್ಕೂವರೆ ಅಡಿಗೊಂದು, ಆಗ ಗುಣಕ 2 ಸಿಗುತ್ತೆ, ಒಂಬತ್ತು ಇಂಚಿನ ಗೋಡೆಗೆ ಸಮ. ಇಟ್ಟಿಗೆ ಉಳಿದ್ರೂ, ಅಷ್ಟು ಪಿಲ್ಲರ್ ಕಟ್ಟೋ ತಾಪತ್ರಯಕ್ಕಿಂತ ಒಂಬತ್ತು ಇಂಚಿನ ಗೋಡೇನೇ ಕಟ್ಟಬಹುದಲ್ಲ ಅನ್ಸುತ್ತೆ ನಂಗೆ. ಅದಕ್ಕಿಂತ ನೆಟ್ಟಗಿನ ದಾರಿ ಆರ್‌ಸಿಸಿ ಪಿಲ್ಲರು, ಹತ್ತಡಿಗೆ ಒಂದು, 9×9, ನಾಲ್ಕು 10 ಎಂಎಂ ಕಂಬಿ. ಕಂಬಿ ಫೂಟಿಂಗ್ ಒಳಗಿಂದಲೇ ಬರಬೇಕು, ಇದೊಂದು ಮರೆತ್ರೆ ಎಲ್ಲಾ ವೇಸ್ಟ್. ಆಗ ಗಾಳಿ ಬಂದ್ರೆ ಗೋಡೆ ಪಿಲ್ಲರ್‌ಗೆ ಒರಗುತ್ತೆ, ಪಿಲ್ಲರ್ ನೆಲಕ್ಕೆ ಒಪ್ಪಿಸುತ್ತೆ. ಎರಡು ಕಡೆ ಗಟ್ಟಿ ಹಿಡಿತ ಇರೋ ಗೋಡೆ ತುಂಡಿನ ಉದ್ದ ದಪ್ಪದ 40 ಪಟ್ಟು ಒಳಗಿರಬೇಕು ಅನ್ನೋದು ಒಳಗಿನ ಪಾರ್ಟಿಷನ್‌ಗೆ ಇರೋ ಲೆಕ್ಕ, ಇಲ್ಲೂ ಅಂದಾಜಿಗೆ ಇಟ್ಕೊಂಡ್ರೆ 115ಕ್ಕೆ 4.6 ಮೀಟರ್, ಹತ್ತಡಿ ಅದರೊಳಗೆ ಆರಾಮಾಗಿ ಬರುತ್ತೆ. ಗೋಡೆಗೂ ಪಿಲ್ಲರ್‌ಗೂ ಸಂಬಂಧ ಇರಲಿ, ಮೂರು ವರಸೆಗೊಮ್ಮೆ ಎರಡು 6 ಎಂಎಂ ಕಂಬಿ ಗಾರೆ ಒಳಗೆ ಇಟ್ಟು ಪಿಲ್ಲರ್ ಒಳಗೂ ತೂರಿಸಿ, ಗಾರೆ 1:4. ತಲೆ ಮೇಲೆ ಉದ್ದಕ್ಕೂ ಮೂರ್ನಾಲ್ಕು ಇಂಚಿನ ಕಾಂಕ್ರೀಟ್ ಪಟ್ಟಿ.

ಟೆರೇಸ್ ಪ್ಯಾರಪೆಟ್ಟಿಗೂ ಇದೇ ಕಥೆ. ಮೂರಡಿ ನಾಲ್ಕೂವರೆ ಇಂಚಿನ ಪ್ಯಾರಪೆಟ್ ಆಗಲೇ 7ರ ಲೆಕ್ಕ ದಾಟಿದೆ, ಮೇಲೆ ಹೋದಷ್ಟೂ ಗಾಳಿ ಜೋರು, ಜನ ಒರಗಿ ಬೇರೆ ನಿಲ್ತಾರೆ. ಸ್ಲ್ಯಾಬಿಂದ ಕಂಬಿ ಎತ್ಕೊಂಡು ಸಣ್ಣ ಪಿಲ್ಲರ್ ಹಾಕಲೇಬೇಕು.

ನಾಲ್ಕನೇದು: ಒಳಗಿನ ಪಾರ್ಟಿಷನ್

ಮೇಲೆ ಸ್ಲ್ಯಾಬಿಗೆ, ಅಕ್ಕಪಕ್ಕ ಗೋಡೆಗೆ ಸೇರಿದ್ರೆ ನಾಲ್ಕೂವರೆ ಇಂಚು ಸಾಕು, ಎತ್ತರ ದಪ್ಪದ 30 ಪಟ್ಟು ಒಳಗಿದ್ರೆ, ಅಂದ್ರೆ 3.4 ಮೀಟರ್ ತನಕ, ಉದ್ದ ಎಷ್ಟಿದ್ರೂ ಪರವಾಗಿಲ್ಲ. ಅದೇ ಪಾರ್ಟಿಷನ್ನು ಏಳಡಿಗೆ ನಿಲ್ಸಿ ಮೇಲೆ ಬಿಟ್ಟರೆ ಲೆಕ್ಕ ಅರ್ಧಕ್ಕೆ ಇಳಿಯುತ್ತೆ, 15 ಪಟ್ಟು, 1.7 ಮೀಟರ್, ಅದಕ್ಕಿಂತ ಎತ್ತರ ಬೇಕಂದ್ರೆ ಉದ್ದ ಕಡಿಮೆ ಮಾಡ್ಕೋಬೇಕು. ಮಧ್ಯ ಬಾಗಿಲು ಬಂದ್ರೆ ಪಕ್ಕದ ತುಂಡಿಗೆ ಒಂದು ಕಡೆ ಹಿಡಿತ ಹೋಯ್ತು, ಅದಕ್ಕೇ ಲಿಂಟಲ್ ಪಟ್ಟೀನ ಬಾಗಿಲ ಮೇಲೆ ಮಾತ್ರ ಹಾಕಿ ಬಿಡಬೇಡಿ, ಗೋಡೆ ಪೂರ್ತಿ ಎಳೀರಿ. ದಿನಕ್ಕೆ ಮೂರು ಅಡಿ ಮೇಲೆ ಏರಿಸೋಕೆ ಬಿಡಬೇಡಿ, ಕೊನೇ ವರಸೆ ಸ್ಲ್ಯಾಬ್ ಕೆಳಗೆ ಒಂದು ವಾರ ಬಿಟ್ಟು ತುಂಬಿಸಿ, ಅಷ್ಟರಲ್ಲಿ ಕೆಳಗಿನ ಗಾರೆ ಒಂದಷ್ಟು ಕುಗ್ಗಿರುತ್ತೆ.

ಆಗಲೇ ಕಟ್ಟಿದ್ದಕ್ಕೆ ಏನು ನೋಡೋದು

ನೆಲದಿಂದ ಒಂದೆರಡು ವರಸೆ ಮೇಲೆ ಉದ್ದಕ್ಕೂ ಅಡ್ಡ ಬಿರುಕು ಇದ್ರೆ ಬುಡದ ಅಂಟು ಹೋಗಿದೆ ಅಂತ, ಅದರ ಮೇಲೆ ಪ್ಲಾಸ್ಟರ್ ಬಳಿದ್ರೆ ಬಿರುಕು ಮುಚ್ಚುತ್ತೆ, ಅಂಟು ಬರಲ್ಲ. ಆಮೇಲೆ ತೂಕದ ಗುಂಡು ಇಳಿಬಿಟ್ಟು ನೋಡಿ. ನಾಲ್ಕೂವರೆ ಇಂಚಿನ ಗೋಡೆ ತುದಿ ಒಂದು ಇಂಚು ವಾಲಿದ್ರೆ ತೂಕದ ಪಟ್ಟಲ್ಲಿ ಕಾಲು ಭಾಗದ ಹತ್ತಿರ ಆಗಲೇ ಹೋಗಿರುತ್ತೆ. ಪಕ್ಕದ ಸೈಟಲ್ಲಿ ಮನೆ ಕಟ್ಟೋರು ಕಾಂಪೌಂಡಿಗೆ ಒರಗಿಸಿ ಮರಳು, ಜಲ್ಲಿ ಸುರೀತಾರಲ್ಲ, ಅದನ್ನ ಅವತ್ತೇ ತೆಗೆಸಿ, ಗಾಳಿ ಆದ್ರೂ ಬಂದು ಹೋಗುತ್ತೆ, ಮರಳು ರಾತ್ರಿ ಹಗಲು ತಳ್ತಾನೇ ಇರುತ್ತೆ, ಮಳೆ ಬಂದು ನೆಂದ್ರೆ ಇನ್ನೂ ಜೋರಾಗಿ.

ಚಿಕ್ಕಪ್ಪನ ಕಾಂಪೌಂಡ್ ಆಮೇಲೆ ಅದೇ ಮೇಸ್ತ್ರಿನೇ ಕಟ್ಟಿದ್ರು. ನಾಲ್ಕೂವರೆ ಇಂಚೇ, ಆದ್ರೆ ಐದು ಆರ್‌ಸಿಸಿ ಪಿಲ್ಲರು, ಮೇಲೆ ಪಟ್ಟಿ. ಫೂಟಿಂಗ್ ಕಂಬಿ ಕಟ್ಟೋ ದಿನ ನಾನೇ ಹೋಗಿ ನಿಂತಿದ್ದೆ. "ಕಾಂಪೌಂಡಿಗೆ ಇಷ್ಟೊಂದು ಕಂಬಿ ಯಾಕೆ ಸಾರ್" ಅಂತ ಗೊಣಗಿಕೊಂಡೇ ಕಟ್ಟಿದ್ರು, ಕಟ್ಟಿ ಮುಗಿಸಿದ ಮೇಲೆ ಹಳೇ ಗೋಡೆ ಇಟ್ಟಿಗೇಲಿ ಒಳ್ಳೇದನ್ನ ಆರಿಸ್ಕೊಂಡು ನೀರಲ್ಲಿ ನೆನೆಸೋಕೆ ಹಾಕಿದ್ರು.